ಮೊದಲು ಚಿತ್ರದಡಿಯ ಸಾಲು, ಆಮೇಲೆ ಸಾರಾಂಶ

ನಾನು ಸಿಂಧನೂರಿನವನು, ಮಣ್ಣು ಪರೀಕ್ಷೆಯ ಕೆಲಸ ಮಾಡುತ್ತೇನೆ. ಪರಿಚಯದ ಹುಡುಗಿಯೊಬ್ಬಳು ತುಂಗಭದ್ರಾ ಎಡದಂಡೆ ಕಾಲುವೆ ಕೆಳಗಿನ ಸವಳು ಭೂಮಿಯ ರೈತರ ಬಗ್ಗೆ ಕನ್ನಡದಲ್ಲೇ ಪಿಎಚ್‌ಡಿ ಪ್ರಬಂಧ ಬರೆಯುತ್ತಿದ್ದಾಳೆ. ಅವಳ ವಿಷಯ ಸಮಾಜಶಾಸ್ತ್ರ. ಆದರೂ ಮಣ್ಣು ವಿಜ್ಞಾನದ ಲೇಖನಗಳು ಏನು ಹೇಳುತ್ತವೆ ಅಂತ ಒಂದು ಅಧ್ಯಾಯದಲ್ಲಿ ಬರೆಯಲೇಬೇಕು. ಗ್ರಂಥಾಲಯದಲ್ಲಿ ಸಾರಾಂಶದ ಪುಟ ಮತ್ತು ಚಿತ್ರಗಳ ಫೋಟೊ ತೆಗೆದು ಕಳಿಸುತ್ತಾಳೆ, ನಾನು ಕನ್ನಡ ಮಾಡಿಕೊಡುತ್ತೇನೆ.

ಫೋಟೊವನ್ನು ವಾಟ್ಸಾಪ್‌ನಲ್ಲಿ ಸುಮ್ನೆ ಚಿತ್ರವಾಗಿ ಕಳಿಸಿದರೆ ಅದು ಕುಗ್ಗುತ್ತದೆ. ಮೊದಲು ಹಾಳಾಗುವುದು ಸಣ್ಣ ಅಕ್ಷರಗಳು. ಅದಕ್ಕೇ 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿದ್ದೇನೆ. ಇಷ್ಟಾದರೂ ಫೋಟೊದಿಂದ ಅಕ್ಷರ ಎತ್ತಿಕೊಡುವ ಆ್ಯಪ್ ಮೇಲೆ ಪೂರ್ತಿ ನಂಬಿಕೆ ಇಡುವುದಿಲ್ಲ. `dS m⁻¹` ಎಂಬುದು `dS m1` ಆಗಿ ಬರುತ್ತದೆ, `≤` ಇದ್ದದ್ದು `<` ಆಗುತ್ತದೆ, `0–15 cm` ನಡುವಿನ ಗೆರೆ ಮಾಯವಾಗಿ `015 cm` ಆಗುತ್ತದೆ. ಪದ ತಪ್ಪಿದ್ದರೆ ಓದುವಾಗ ಗೊತ್ತಾಗುತ್ತದೆ. ಚಿಹ್ನೆ ತಪ್ಪಿದ್ದರೆ ಗೊತ್ತಾಗುವುದಿಲ್ಲ. ಹಾಗಾಗಿ ಅಂಕಿ, ಏಕಮಾನ, ಚಿಹ್ನೆ ಇಷ್ಟನ್ನೂ ಫೋಟೊ ಹಿಗ್ಗಿಸಿ ನೋಡಿ ಕೈಯಿಂದಲೇ ಟೈಪ್ ಮಾಡುತ್ತೇನೆ.

ಅನುವಾದ ಶುರು ಮಾಡುವುದು ಸಾರಾಂಶದಿಂದಲ್ಲ, ಚಿತ್ರದಡಿಯ ಸಾಲುಗಳಿಂದ. ಸಾರಾಂಶ ಬರೆಯುವವರಿಗೆ ಜಾಗ ಕಡಿಮೆ, 'ಇಸಿ ಇಳಿಯಿತು' ಅಂತ ಮುಗಿಸಿಬಿಡುತ್ತಾರೆ. ಇಸಿ ಅಂದರೆ ವಿದ್ಯುತ್ ವಾಹಕತೆ, ಮಣ್ಣಿನಲ್ಲಿ ಉಪ್ಪು ಎಷ್ಟಿದೆ ಅಂತ ತೋರಿಸುವ ಅಳತೆ. ಯಾವ ಇಸಿ, ಎಷ್ಟು ಆಳದ ಮಣ್ಣು, ಹೇಗೆ ಅಳೆದರು ಎಂಬುದು ಹೆಚ್ಚಾಗಿ ಸಿಗುವುದು ಚಿತ್ರದ ಕೆಳಗೆ.

ಇದರಿಂದ ಏನಾಗುತ್ತದೆ ಅಂತ ಒಂದು ಲೇಖನದಲ್ಲಿ ಚೆನ್ನಾಗಿ ಕಂಡಿತು. ಮೊದಲ ಚಿತ್ರದಲ್ಲಿ `ECe` ಇತ್ತು, ಮೂರನೆಯದರಲ್ಲಿ `EC1:2.5`. ಸಾರಾಂಶದಲ್ಲಿ ಎರಡಕ್ಕೂ ಬರೀ ಇಸಿ. `ECe` ಎಂಬುದು ಮಣ್ಣನ್ನು ನೀರಿನಿಂದ ಪೂರ್ತಿ ನೆನೆಸಿ, ಹೀರಿ ತೆಗೆದ ದ್ರಾವಣದ್ದು. `EC1:2.5` ಎಂಬುದು ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆದದ್ದು. ನೀರು ಜಾಸ್ತಿಯಾದಂತೆ ಉಪ್ಪು ತೆಳುವಾಗುತ್ತದೆ, ಹಾಗಾಗಿ ಅದೇ ಮಣ್ಣಿಗೆ `EC1:2.5` ಅಂಕಿ ಕಡಿಮೆ ಬರುತ್ತದೆ. ಸವಳು ಎನ್ನಲು ಬಳಸುವ 4 dS/m ಗಡಿ ಇರುವುದು `ECe`ಗೆ ಮಾತ್ರ. ಎರಡಕ್ಕೂ 'ವಿದ್ಯುತ್ ವಾಹಕತೆ' ಅಂತ ಬರೆದಿದ್ದರೆ, ಹುಡುಗಿ ಮೂರನೇ ಚಿತ್ರದ ಅಂಕಿ ನೋಡಿ ಆ ಹೊಲಕ್ಕೆ ಸವಳೇ ಇಲ್ಲ ಅಂದುಕೊಳ್ಳುತ್ತಿದ್ದಳು. ಹಾಗಾಗಿ 'ನೆನೆ ದ್ರಾವಣದ ವಾಹಕತೆ', 'ಬೆರಕೆ ದ್ರಾವಣದ ವಾಹಕತೆ' ಅಂತ ಬೇರೆ ಬೇರೆ ಹೆಸರಿಟ್ಟೆ. ಪಕ್ಕದಲ್ಲಿ ಮೂಲದ ಚಿಹ್ನೆಯನ್ನೂ ಉಳಿಸಿದೆ.

ಪದಗಳಿಗೆ ಒಂದು ಹಾಳೆ ಇಟ್ಟುಕೊಂಡಿದ್ದೇನೆ. ಇಂಗ್ಲಿಷಿನ ಒಂದು ಪದಕ್ಕೆ ಕನ್ನಡದಲ್ಲಿ ಒಂದೇ ಪದ ಇರಬೇಕು ಎಂಬುದು ಎಲ್ಲರಿಗೂ ಗೊತ್ತು. ಹೆಚ್ಚು ತೊಂದರೆ ಕೊಡುವುದು ಇದರ ಉಲ್ಟಾ: ಕನ್ನಡದ ಒಂದೇ ಪದ ಎರಡು ಕಡೆ ಕೂರುವುದು. 'ಕ್ಷಾರ' ಹಾಗಿದೆ. ಆಲ್ಕಲೈನ್ ಅಂದರೂ ಕ್ಷಾರ, ಸೋಡಿಕ್ ಅಂದರೂ ಕ್ಷಾರ. ನಮ್ಮ ಕಡೆಯ ಎರೆ ಮಣ್ಣಿನ ಪಿಎಚ್ 8 ದಾಟುವುದು ಸಾಮಾನ್ಯ, ಅಷ್ಟಕ್ಕೇ ಅದು ಸೋಡಿಕ್ ಆಗುವುದಿಲ್ಲ. ಮಣ್ಣಿನ ಕಣಗಳಿಗೆ ಅಂಟಿದ ಸೋಡಿಯಂ ಪಾಲು ಶೇ 15 ಮೀರಿರಬೇಕು. ಜಿಪ್ಸಂ ಬೇಕಾಗುವುದು ಅಂಥ ಮಣ್ಣಿಗೆ. ಬರೀ ಸವಳಿಗೆ ಸಿಹಿ ನೀರು ಕಟ್ಟಿ ಉಪ್ಪನ್ನು ಬಸಿದು ಹೋಗುವಂತೆ ಮಾಡಬೇಕು. ಹಾಳೆಯಲ್ಲಿ ಆಲ್ಕಲೈನ್‌ಗೆ 'ಕ್ಷಾರ' ಕೊಟ್ಟು, ಸೋಡಿಕ್ ಅನ್ನು 'ಸೋಡಿಕ್' ಅಂತಲೇ ಬಿಟ್ಟೆ.

"ಸರ್, ಗೈಡ್ ಅಚ್ಚಗನ್ನಡ ಪದ ಕೇಳ್ತಾರೆ" ಅಂದಳು.

"ಕೇಳಲಿ ಬಿಡಮ್ಮ. ಜಿಪ್ಸಂ ಯಾವ ಹೊಲಕ್ಕೆ ಹಾಕಬೇಕು ಅಂತ ಇದರಿಂದ ಗೊತ್ತಾಗುತ್ತೆ ಅಂತ ಹೇಳು."

ಗೈಡ್ ಒಪ್ಪಿದರು.

ಕಂಬಚಿತ್ರಗಳ ಮೇಲಿನ ಸಣ್ಣ ಗೆರೆಗಳನ್ನೂ ಹೀಗೇ ನೋಡಬೇಕು. ಅದು ಮಾದರಿಗಳ ಏರಿಳಿತ ತೋರಿಸುವ ಪ್ರಮಾಣಿತ ವಿಚಲನೆಯೋ, ಸರಾಸರಿ ಎಷ್ಟು ತಪ್ಪಿರಬಹುದು ಅಂತ ತೋರಿಸುವ ಪ್ರಮಾಣಿತ ದೋಷವೋ ಎಂಬುದು ಹೆಚ್ಚಾಗಿ ಚಿತ್ರದಡಿಯಲ್ಲೇ ಇರುತ್ತದೆ. ಮೂರು ಮಾದರಿಗಳ ಪ್ರಯೋಗದಲ್ಲಿ ದೋಷದ ಗೆರೆ ವಿಚಲನೆಯ ಗೆರೆಯ ಅರ್ಧಕ್ಕಿಂತ ಸ್ವಲ್ಪ ಮೇಲಷ್ಟೇ ಬರುತ್ತದೆ. ಹೆಸರು ಅದಲು ಬದಲಾದರೆ ಏರಿಳಿತ ಹೆಚ್ಚಿರುವ ಹೊಲವೂ ಒಂದೇ ಸಮ ಕಾಣುತ್ತದೆ. ಈ ಸಾಲು ಫೋಟೊದ ಅಂಚಿನಲ್ಲಿ ತುಂಡಾಗಿದ್ದರೆ ನಾನು ಊಹಿಸುವುದಿಲ್ಲ, ಪುಟದ ಫೋಟೊ ಮತ್ತೆ ಕೇಳುತ್ತೇನೆ.

ಎಲ್ಲಾ ಮುಗಿದ ಮೇಲೆ ಹಾಳೆಯ ಒಂದೊಂದೇ ಪದವನ್ನು ಕಡತದಲ್ಲಿ ಹುಡುಕುತ್ತೇನೆ. 'ಸವಳು' ಅಂತ ಹುಡುಕಿದರೆ 'ಸವಳಿನ', 'ಸವಳಿಗೆ' ಸಿಗುವುದಿಲ್ಲ, 'ಸವಳ' ಅಂತ ಕೊಟ್ಟರೆ ಮೂರೂ ಸಿಗುತ್ತವೆ. ಮೂಲದಲ್ಲಿ ಆ ಪದ ಬಂದಷ್ಟೇ ಸಲ ಇಲ್ಲೂ ಬಂದಿದೆಯಾ ನೋಡುತ್ತೇನೆ. ಲೆಕ್ಕ ಕೂಡದ ಕಡೆ ಬಹುಪಾಲು 'ಅದು', 'ಇದು' ಅಂತ ಬರೆದಿರುತ್ತೇನೆ, ಅದು ಇರಲಿ. ಬೇರೆ ಪದ ನುಸುಳಿದ್ದರೆ ಮಾತ್ರ ತಿದ್ದಿ ಕಳಿಸುತ್ತೇನೆ. ಜೊತೆಗೆ ಪದಗಳ ಹಾಳೆಯನ್ನೂ ಕೊಡುತ್ತೇನೆ, ಮುಂದಿನ ಲೇಖನಕ್ಕೆ ಅವಳೇ ಅದರಲ್ಲಿ ಹೊಸ ಸಾಲು ಸೇರಿಸುತ್ತಾಳೆ.