ದೋಟಿಯ ಉದ್ದ ಮತ್ತು ಬೆಳಕಿನ ಬಣ್ಣ

ದ್ವಿತೀಯ ಪಿಯುಸಿಯಲ್ಲಿ ದ್ಯುತಿವಿದ್ಯುತ್ ಪರಿಣಾಮದ ಪಾಠ ಬಂದಾಗ ನನ್ನ ವಿದ್ಯಾರ್ಥಿಗಳು ಸೂತ್ರದಲ್ಲಿ ಎಡವುವುದಿಲ್ಲ. hν = φ + K ಎಂದು ಬರೆದು, ಬೆಲೆಗಳನ್ನು ಹಾಕಿ, ಉತ್ತರ ತೆಗೆದುಬಿಡುತ್ತಾರೆ. ಅವರ ಮನಸ್ಸು ಒಪ್ಪದಿರುವುದು ಅದರ ಹಿಂದಿನ ಸಂಗತಿಯನ್ನು. ಕಣ್ಣು ಕುಕ್ಕುವಷ್ಟು ಪ್ರಖರವಾದ ಕೆಂಪು ಬೆಳಕು ಬಿದ್ದರೂ ಲೋಹದಿಂದ ಒಂದು ಎಲೆಕ್ಟ್ರಾನ್ ಕೂಡ ಹೊರಬರುವುದಿಲ್ಲ, ಮಂಕಾದ ನೇರಳೆ ಬೆಳಕು ಬಿದ್ದ ಕೂಡಲೇ ಹೊರಬರುತ್ತದೆ ಎಂದರೆ ತರಗತಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಸರ್, ಕೆಂಪು ಬೆಳಕನ್ನೇ ಇನ್ನಷ್ಟು ಹೊತ್ತು ಬಿಟ್ಟರೆ ಶಕ್ತಿ ಸೇರುತ್ತಾ ಹೋಗುವುದಿಲ್ಲವೇ?” ಬೆಳಕು ಬರೀ ಅಲೆಯಾಗಿದ್ದರೆ ಆ ಮಗು ಹೇಳಿದ್ದೇ ಸರಿ. ಹೊರಬೀಳುವ ಎಲೆಕ್ಟ್ರಾನುಗಳ ಗರಿಷ್ಠ ಶಕ್ತಿ ಬೆಳಕಿನ ಪ್ರಖರತೆಯನ್ನು ಅವಲಂಬಿಸಿಲ್ಲ ಎಂದು 1902ರಲ್ಲಿ ಭೌತವಿಜ್ಞಾನಿ ಲೆನಾರ್ಡ್ ತೋರಿಸಿಕೊಟ್ಟಾಗ ಭೌತವಿಜ್ಞಾನಕ್ಕೂ ಇದೇ ಒಗಟು ಎದುರಾಗಿತ್ತು. ಹಾಗಾಗಿ ನಾನು ಈ ಪ್ರಶ್ನೆಯನ್ನು ಬದಿಗೆ ಸರಿಸುವುದಿಲ್ಲ. ಪಾಠವನ್ನು ಇಲ್ಲಿಂದಲೇ ಶುರುಮಾಡುತ್ತೇನೆ.

ನಮ್ಮದು ತೀರ್ಥಹಳ್ಳಿ ಕಡೆ. ಅಡಿಕೆ ಗೊಂಚಲು ಇಳಿಸುವ ಕೊನೆಕೊಯ್ಲು ನೋಡದ ಮಕ್ಕಳು ತರಗತಿಯಲ್ಲಿ ಇಲ್ಲವೆಂದೇ ಹೇಳಬೇಕು. ಆದ್ದರಿಂದ ಅಡಿಕೆ ತೋಟವನ್ನೇ ಕಪ್ಪು ಹಲಗೆಗೆ ತರುತ್ತೇನೆ. ಮರ ಹತ್ತುವಂತಿಲ್ಲ, ನೆಲದ ಮೇಲೆ ನಿಂತು ದೋಟಿಯಿಂದಲೇ, ಅಂದರೆ ತುದಿಗೆ ಕತ್ತಿ ಕಟ್ಟಿದ ಉದ್ದನೆಯ ಬಿದಿರಿನ ಗಳುವಿನಿಂದಲೇ, ಕೊನೆ ಇಳಿಸಬೇಕು. ಒಬ್ಬ ಆಳಿಗೆ ಒಂದೇ ದೋಟಿ, ಎರಡು ದೋಟಿಗಳನ್ನು ಸೇರಿಸಿ ಕಟ್ಟುವಂತಿಲ್ಲ. ತೋಟದ ಅತ್ಯಂತ ಗಿಡ್ಡ ಮರದ ಕೊನೆ ಮೂವತ್ತು ಅಡಿ ಎತ್ತರದಲ್ಲಿದೆ ಎಂದುಕೊಳ್ಳಿ. ಇಪ್ಪತ್ತೈದು ಅಡಿಯ ದೋಟಿ ಹಿಡಿದ ನೂರು ಆಳುಗಳು ಬೆಳಗಿನಿಂದ ಸಂಜೆಯವರೆಗೆ ದುಡಿದರೂ ಒಂದು ಕೊನೆ ಕೆಳಗೆ ಬರುವುದಿಲ್ಲ. ಮೂವತ್ತೈದು ಅಡಿಯ ದೋಟಿ ಹಿಡಿದ ಒಬ್ಬನೇ ಬಂದರೂ ಮೊದಲ ಎಳೆತಕ್ಕೇ ಕೊನೆ ಇಳಿಯುತ್ತದೆ. ದೋಟಿಯ ಉದ್ದವೆಂದರೆ ಬೆಳಕಿನ ಒಂದು ಕಣದ, ಅಂದರೆ ಒಂದು ಫೋಟಾನಿನ ಶಕ್ತಿ hν. ಅದನ್ನು ನಿರ್ಧರಿಸುವುದು ಬಣ್ಣ. ಆಳುಗಳ ಸಂಖ್ಯೆಯೆಂದರೆ ಪ್ರಖರತೆ. ಗಿಡ್ಡ ಮರದ ಎತ್ತರವೇ ಆ ಲೋಹದ ವರ್ಕ್ ಫಂಕ್ಷನ್ φ, ಅಂದರೆ ಎಲೆಕ್ಟ್ರಾನನ್ನು ಬಿಡಿಸಲು ಬೇಕಾದ ಕನಿಷ್ಠ ಶಕ್ತಿ. ಬೆಳಕಿನ ಶಕ್ತಿ ಹೀಗೆ ಬಿಡಿಬಿಡಿ ಗಂಟುಗಳಾಗಿ ಬರುತ್ತದೆ, ಒಂದು ಗಂಟು ಇಡಿಯಾಗಿ ಒಂದೇ ಎಲೆಕ್ಟ್ರಾನಿಗೆ ಸಲ್ಲುತ್ತದೆ ಎಂಬುದೇ 1905ರಲ್ಲಿ ಐನ್‌ಸ್ಟೈನ್ ಮುಂದಿಟ್ಟ ವಿಚಾರ.

ಇಷ್ಟಾದ ಮೇಲೆ ಲೆಕ್ಕ. ಸೀಸಿಯಂ ಲೋಹದ ವರ್ಕ್ ಫಂಕ್ಷನ್ ಸುಮಾರು 2.14 ಎಲೆಕ್ಟ್ರಾನ್‌ವೋಲ್ಟ್. ತರಂಗಾಂತರವನ್ನು ನ್ಯಾನೋಮೀಟರಿನಲ್ಲಿ ತೆಗೆದುಕೊಂಡು 1240ನ್ನು ಅದರಿಂದ ಭಾಗಿಸಿದರೆ ಫೋಟಾನಿನ ಶಕ್ತಿ ಎಲೆಕ್ಟ್ರಾನ್‌ವೋಲ್ಟಿನಲ್ಲಿ ಸಿಗುತ್ತದೆ. 650 ನ್ಯಾನೋಮೀಟರಿನ ಕೆಂಪಿಗೆ 1.91, ಅದು ಮುಟ್ಟುವುದಿಲ್ಲ. 532ರ ಹಸಿರಿಗೆ 2.33, ಮುಟ್ಟಿ 0.19 ಉಳಿಯುತ್ತದೆ. 400ರ ನೇರಳೆಗೆ 3.10, ಮುಟ್ಟಿ 0.96 ಉಳಿಯುತ್ತದೆ. ಉಳಿದದ್ದೇ ಎಲೆಕ್ಟ್ರಾನಿನ ಗರಿಷ್ಠ ಚಲನಶಕ್ತಿ K. ನೇರಳೆ ಬೆಳಕಿನಲ್ಲಿ ಹೊರಟ ಎಲೆಕ್ಟ್ರಾನುಗಳನ್ನೆಲ್ಲ ತಡೆದು ನಿಲ್ಲಿಸಲು 0.96 ವೋಲ್ಟಿನ ವಿರುದ್ಧ ವಿಭವ ಬೇಕೆಂದು ಮಕ್ಕಳು ತಾವಾಗಿಯೇ ಹೇಳುತ್ತಾರೆ. ಆದರೆ ಸೂತ್ರದಲ್ಲಿ ‘ಗರಿಷ್ಠ’ ಎಂಬ ಮಾತು ಏಕಿದೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಆಗ ಮತ್ತೆ ತೋಟಕ್ಕೆ ಹೋಗುತ್ತೇವೆ. ಮರಗಳೆಲ್ಲ ಒಂದೇ ಎತ್ತರವಲ್ಲ. ಅದೇ ದೋಟಿಗೆ ಗಿಡ್ಡ ಮರದಲ್ಲಿ ಹೆಚ್ಚು ಉದ್ದ ಮಿಗುತ್ತದೆ, ಎತ್ತರದ ಮರದಲ್ಲಿ ಕಡಿಮೆ. ಲೋಹದಲ್ಲಿಯೂ ಕೆಲವು ಎಲೆಕ್ಟ್ರಾನುಗಳನ್ನು ಬಿಡಿಸಲು ಹೆಚ್ಚು ಶಕ್ತಿ ಬೇಕು. ಅವು ನಿಧಾನವಾಗಿ ಹೊರಬರುತ್ತವೆ.

ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನೂ ಅದೇ ದಿನ ಹೇಳಿಬಿಡುತ್ತೇನೆ. ಮಿಕ್ಕ ದೋಟಿ ಕೊನೆಯನ್ನು ವೇಗವಾಗಿ ಎಸೆಯುವುದಿಲ್ಲ, ಮಿಕ್ಕ ಶಕ್ತಿ ಎಲೆಕ್ಟ್ರಾನಿಗೆ ವೇಗ ಕೊಡುತ್ತದೆ. ಆಳು ದೋಟಿಯನ್ನು ಮತ್ತೆ ಮತ್ತೆ ಬಳಸುತ್ತಾನೆ, ಫೋಟಾನ್ ಒಮ್ಮೆ ಹೀರಲ್ಪಟ್ಟರೆ ಮುಗಿಯಿತು. ಎರಡು ದೋಟಿ ಕಟ್ಟುವಂತಿಲ್ಲ ಎಂಬ ನಿಯಮವೂ ಸಾಮಾನ್ಯ ಬೆಳಕಿಗೆ ಮಾತ್ರ. ಅತ್ಯಂತ ತೀವ್ರವಾದ ಲೇಸರ್ ಮಿಡಿತಗಳಲ್ಲಿ ಒಂದೇ ಎಲೆಕ್ಟ್ರಾನ್ ಎರಡು ಫೋಟಾನುಗಳನ್ನು ಹೀರಿ ಹೊರಬರುವುದುಂಟು.

ಬಾಯಿಮಾತಿನಲ್ಲಿ ಒಪ್ಪಿದ್ದನ್ನು ಕಣ್ಣಿಗೂ ತೋರಿಸಬೇಕು. ಸೀಸಿಯಂ ನಮ್ಮ ಕೈಗೆಟುಕುವ ವಸ್ತುವಲ್ಲ, ಸತು ಸಾಕು. ಪ್ರಯೋಗಾಲಯದ ಸತುವಿನ ತಗಡನ್ನು ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಸ್ವರ್ಣಪತ್ರ ವಿದ್ಯುದ್ದರ್ಶಕದ ತಟ್ಟೆಯ ಮೇಲೆ ಇಡುತ್ತೇನೆ. ಆಕ್ಸೈಡಿನ ಪದರ ಉಳಿದಿದ್ದರೆ ಪ್ರಯೋಗ ನಡೆಯುವುದಿಲ್ಲ. ಪಿವಿಸಿ ಪೈಪನ್ನು ಉಣ್ಣೆಯ ಬಟ್ಟೆಯಿಂದ ತಿಕ್ಕಿ ಮುಟ್ಟಿಸಿದರೆ ಋಣ ಆವೇಶ ಬಂದು ವಿದ್ಯುದ್ದರ್ಶಕದ ಚಿನ್ನದ ಹಾಳೆ ದೂರ ಸರಿದು ನಿಲ್ಲುತ್ತದೆ. ಮೊಬೈಲಿನ ಟಾರ್ಚ್ ಹಿಡಿದರೂ ಹಾಳೆ ಕದಲದು, ದೊಡ್ಡ ಬ್ಯಾಟರಿ ಹಿಡಿದರೂ ಕದಲದು. ಆಮೇಲೆ ನೀರು ಶುದ್ಧೀಕರಿಸುವ ಯಂತ್ರದ ಅತಿನೇರಳೆ ದೀಪವನ್ನು ಹಚ್ಚಿದರೆ ತಗಡಿನಿಂದ ಎಲೆಕ್ಟ್ರಾನುಗಳು ಹೊರಟು, ಋಣ ಆವೇಶ ಕಡಿಮೆಯಾಗಿ ಹಾಳೆ ಇಳಿಯುತ್ತದೆ. ಆ ದೀಪದ ಮುಖ್ಯ ತರಂಗಾಂತರ 254 ನ್ಯಾನೋಮೀಟರ್, ಶಕ್ತಿ 4.88. ಸತುವಿಗೆ ಬೇಕಾದದ್ದು ಸುಮಾರು 4.3. ದೀಪಕ್ಕೂ ತಗಡಿಗೂ ನಡುವೆ ಕಿಟಕಿಯ ಗಾಜಿನ ತುಂಡೊಂದನ್ನು ಹಿಡಿದರೆ ಇಳಿಯುವುದು ನಿಲ್ಲುತ್ತದೆ. ದೀಪದ ನೀಲಿ ಹೊಳಪು ಗಾಜಿನಾಚೆಗೂ ಕಾಣುತ್ತಲೇ ಇರುತ್ತದೆ, ಆದರೆ ಬೇಕಾದ ಕಣಗಳನ್ನು ಗಾಜು ನುಂಗಿಬಿಟ್ಟಿರುತ್ತದೆ. ಮಕ್ಕಳ ಮುಖದಲ್ಲಿ ನಂಬಿಕೆ ಮೂಡುವುದು ಇಲ್ಲಿಯೇ. ಈ ಬೆಳಕು ಕಣ್ಣಿಗೂ ಚರ್ಮಕ್ಕೂ ಅಪಾಯಕಾರಿ. ಹಾಗಾಗಿ ದೀಪವನ್ನು ರಟ್ಟಿನ ಪೆಟ್ಟಿಗೆಯೊಳಗಿಟ್ಟು, ತಗಡಿನ ಕಡೆಗೆ ಮಾತ್ರ ಕಿಂಡಿ ಬಿಡುತ್ತೇನೆ. ಅದನ್ನು ಹಚ್ಚುವುದು, ಆರಿಸುವುದು ನಾನೊಬ್ಬನೇ.

ಮಲೆನಾಡಿನಲ್ಲಿ ಈ ಪ್ರಯೋಗಕ್ಕೆ ದೊಡ್ಡ ಶತ್ರು ಮಳೆಗಾಲ. ತೇವದಿಂದ ಆವೇಶ ತಾನಾಗಿಯೇ ಸೋರಿಹೋಗುತ್ತದೆ. ದೀಪ ಹಚ್ಚುವ ಮೊದಲೇ ಹಾಳೆ ಇಳಿಯುತ್ತಿದ್ದರೆ ಆ ದಿನ ಪ್ರಯೋಗ ಬೇಡ. ಒಣಹವೆಯ ಚಳಿಗಾಲದ ಮಧ್ಯಾಹ್ನವೇ ಸರಿಯಾದ ಹೊತ್ತು. ಇಳಿದದ್ದು ಸೋರಿಕೆಯಿಂದಲೋ ಬೆಳಕಿನಿಂದಲೋ ಎಂಬ ಅನುಮಾನ ಪೂರ್ತಿ ಹೋಗಬೇಕಾದರೆ ಗಾಜಿನ ಸಲಾಕೆಯನ್ನು ರೇಷ್ಮೆಯಿಂದ ತಿಕ್ಕಿ ಧನ ಆವೇಶ ಕೊಟ್ಟು ನೋಡಬೇಕು. ಆಗ ಅದೇ ದೀಪಕ್ಕೆ ಹಾಳೆ ಇಳಿಯಬಾರದು, ಏಕೆಂದರೆ ಹೊರಟ ಎಲೆಕ್ಟ್ರಾನನ್ನು ತಗಡೇ ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಎರಡೂ ಸಲ ಒಂದೇ ವೇಗದಲ್ಲಿ ಇಳಿದರೆ ಅದು ಬರೀ ಸೋರಿಕೆ.

ಪಾಠ ನಿಜವಾಗಿ ಒಳಗಿಳಿದಿದೆಯೇ ಎಂದು ತಿಳಿಯಲು ನಾನು ಕೇಳುವ ಪ್ರಶ್ನೆ ಒಂದಿದೆ. ಸೀಸಿಯಂ ಮೇಲೆ ಒಂದು ಮಿಲಿವ್ಯಾಟ್ ಹಸಿರು ಬೆಳಕು ಬೀಳುತ್ತಿದೆ. ಅದನ್ನು ತೆಗೆದು ಒಂದು ಮಿಲಿವ್ಯಾಟ್ ನೇರಳೆ ಬೆಳಕು ಬಿಟ್ಟರೆ ಎಲೆಕ್ಟ್ರಾನುಗಳ ಸಂಖ್ಯೆ ಏನಾಗುತ್ತದೆ? “ಹೆಚ್ಚುತ್ತದೆ” ಎಂದು ಬಹುತೇಕರು ಒಮ್ಮೆಲೇ ಹೇಳುತ್ತಾರೆ. ನಾನು ಉತ್ತರ ಹೇಳುವುದಿಲ್ಲ. “ಇರುವ ಬಿದಿರು ಅಷ್ಟೇ. ಉದ್ದದ ದೋಟಿ ಕಡಿದರೆ ಎಷ್ಟು ದೋಟಿ ಸಿಗುತ್ತವೆ?” ಎಂದಷ್ಟೇ ಕೇಳುತ್ತೇನೆ. ಹಸಿರಿನಲ್ಲಿ ಸೆಕೆಂಡಿಗೆ ಸುಮಾರು 2.7 × 10¹⁵ ಫೋಟಾನುಗಳು, ನೇರಳೆಯಲ್ಲಿ 2.0 × 10¹⁵ ಮಾತ್ರ. ಬೀಳುವ ಪ್ರತಿ ಫೋಟಾನಿಗೂ ಎಲೆಕ್ಟ್ರಾನ್ ಹೊರಡುವುದಿಲ್ಲ, ಹೊರಡುವ ಪಾಲು ಬಣ್ಣದೊಂದಿಗೆ ಬದಲಾಗುತ್ತದೆ. ಆದ್ದರಿಂದ ನಿಜವಾದ ದ್ಯುತಿವಿದ್ಯುತ್ ಕೊಳವೆಯಲ್ಲಿ ವಿದ್ಯುತ್ ಪ್ರವಾಹ ಇದೇ ಅನುಪಾತದಲ್ಲಿ ಇಳಿಯಬೇಕೆಂದಿಲ್ಲ. ಆ ಪಾಲು ಎರಡೂ ಬಣ್ಣಕ್ಕೆ ಒಂದೇ ಎಂದುಕೊಂಡರೆ ಮಾತ್ರ ಉತ್ತರ ಇಷ್ಟು: ನೇರಳೆಯಲ್ಲಿ ಎಲೆಕ್ಟ್ರಾನುಗಳು ಕಡಿಮೆ, ಅವುಗಳ ವೇಗ ಹೆಚ್ಚು.