ಐದು ಕೈ ಜಾಸ್ತಿ ಗೆದ್ದೆ, ಆದರೂ 5,750 ರೂಪಾಯಿ ಹೋಯಿತು

ಗೆದ್ದ ಕೈ 291. ಸೋತ ಕೈ 286. ಡ್ರ್ಯಾಗನ್ ಟೈಗರ್ ಅನ್ನುವ ಆನ್‌ಲೈನ್ ಎಲೆ ಆಟಕ್ಕೆಂದೇ ಇಟ್ಟಿದ್ದ ನೋಟ್‌ಬುಕ್ಕಿನಲ್ಲಿ ಕೊನೆಗೆ ಸಿಕ್ಕ ಲೆಕ್ಕ ಇದು. ಪ್ರತಿ ಕೈಗೂ ನಾನು ಹಾಕಿದ್ದು ನೂರೇ ರೂಪಾಯಿ. ಐದು ಕೈ ಜಾಸ್ತಿ ಗೆದ್ದಿದ್ದೇನೆ ಅಂದಮೇಲೆ 500 ರೂಪಾಯಿ ಲಾಭ ಇರಬೇಕಿತ್ತು, ಅಲ್ವಾ? ವ್ಯಾಲೆಟ್ ನೋಡಿದರೆ 5,750 ರೂಪಾಯಿ ಕಡಿಮೆ.

ನಾನು ದಾವಣಗೆರೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಲೆಕ್ಕ ಬರೆಯುವವನು. ಹತ್ತು ರೂಪಾಯಿ ತಾಳೆ ಆಗದಿದ್ದರೆ ಊಟ ಸೇರದ ಜಾತಿ. ಅದಕ್ಕೇ ಆಡುವಾಗಲೂ ಪ್ರತಿ ಕೈ ಬರೆದಿಟ್ಟಿದ್ದೆ. ಇದೆಲ್ಲ 2025ರ ಆಗಸ್ಟ್‌ಗೂ ಮುಂಚಿನ ಮಾತು. ಆ ತಿಂಗಳು ಕೇಂದ್ರದ ಹೊಸ ಕಾನೂನು ಬಂದು, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ದೇಶದಲ್ಲೆಲ್ಲ ನಿಷೇಧ ಬಿತ್ತು. ಬ್ಯಾಂಕು, ಯುಪಿಐ ಮೂಲಕ ಅವಕ್ಕೆ ಹಣ ಕಳಿಸುವುದಕ್ಕೂ ತಡೆ ಬಂತು. ಇವತ್ತು ಯಾವ ಆ್ಯಪ್ ಕರೆದರೂ ಅದು ಕಾನೂನಿನ ಹೊರಗಿನ ವ್ಯವಹಾರವೇ. ಎಲೆ ಸರಿಯಾಗಿ ಕಲಸಿದ್ದಾರಾ, ಗೆದ್ದ ದುಡ್ಡು ಕೈಗೆ ಬರುತ್ತದಾ ಅಂತ ಕೇಳಲು ಯಾವ ಬಾಗಿಲೂ ಇಲ್ಲ.

ಆಟ ಬಿಟ್ಟ ಮೇಲೂ ಆ 5,750 ತಲೆಯಲ್ಲಿ ಕೊರೆಯುತ್ತಿತ್ತು. ಒಂದು ಭಾನುವಾರ ನೋಟ್‌ಬುಕ್ ಹಿಡಿದು ಕೂತೆ.

ಆಟ ಗೊತ್ತಿಲ್ಲದವರಿಗೆ ಎರಡೇ ಮಾತು. ಡ್ರ್ಯಾಗನ್‌ಗೆ ಒಂದು ಎಲೆ, ಟೈಗರ್‌ಗೆ ಒಂದು ಎಲೆ. ದೊಡ್ಡ ಎಲೆ ಬಂದ ಕಡೆ ಗೆಲುವು. ಎಕ್ಕ ಎಲ್ಲಕ್ಕಿಂತ ಚಿಕ್ಕದು, ರಾಜ ದೊಡ್ಡದು. ಗೆದ್ದರೆ ನೂರಕ್ಕೆ ನೂರು ಲಾಭ. ಎರಡೂ ಕಡೆ ಒಂದೇ ಬೆಲೆಯ ಎಲೆ ಬಂದರೆ ಟೈ. ಆಗ ಡ್ರ್ಯಾಗನ್, ಟೈಗರ್ ಮೇಲೆ ಹಾಕಿದವರಿಗೆ ಅರ್ಧ ದುಡ್ಡು ಮಾತ್ರ ವಾಪಸ್. ಟೈ ಮೇಲೆಯೇ ಹಾಕಿದವರಿಗೆ ನಾನಾಡುತ್ತಿದ್ದ ಟೇಬಲ್‌ನಲ್ಲಿ ನೂರಕ್ಕೆ 800 ಲಾಭ.

ಆ "ಅರ್ಧ ವಾಪಸ್" ಅನ್ನುವ ಸಾಲನ್ನು ನಾನು ಯಾವತ್ತೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಒಟ್ಟು 624 ಕೈ. ಅದರಲ್ಲಿ 47 ಟೈ. ಪ್ರತಿ ಟೈಗೂ 50 ರೂಪಾಯಿ ಕತ್ತರಿ. 47 ಐವತ್ತಲಿ 2,350. ನನ್ನ 500ರ ಲಾಭ ತಿಂದು ಇನ್ನೂ 1,850 ಬಾಕಿ ತೋರಿಸಿದ್ದು ಇದೇ. ಡ್ರ್ಯಾಗನ್‌ಗೂ ಟೈಗರ್‌ಗೂ ಗೆಲ್ಲುವ ಸಾಧ್ಯತೆ ಸರಿಸಮ. ಆಟ ನಡೆಸುವವನ ಸಂಪಾದನೆಯೆಲ್ಲ ಟೈನಲ್ಲಿ ಕೂತಿದೆ.

ಉಳಿದ 3,900 ಎಲ್ಲಿ ಹೋಯಿತು? ಅದು ನನ್ನದೇ ಜಾಣತನದ ಫಲ. ಟೈ ಬಂದಾಗ ಅರ್ಧ ಹೋಗುತ್ತದಲ್ಲ, ಅದಕ್ಕೆ ವಿಮೆ ಇರಲಿ ಅಂತ ಆಗಾಗ ಟೈ ಮೇಲೂ ನೂರು ಹಾಕುತ್ತಿದ್ದೆ. ಹೀಗೆ 93 ಸಲ ಹಾಕಿದ್ದೆ. ಆರು ಸಲ ಬಂತು, 4,800 ಸಿಕ್ಕಿತು. 87 ಸಲ ಬರಲಿಲ್ಲ, 8,700 ಹೋಯಿತು. ಡ್ರ್ಯಾಗನ್, ಟೈಗರ್ ಮೇಲೆ ತಿರುಗಿಸಿದ್ದು 62,400 ರೂಪಾಯಿ, ಕಳೆದುಕೊಂಡದ್ದು 1,850. ಟೈ ಮೇಲೆ ಹಾಕಿದ್ದು ಬರೀ 9,300, ಕಳೆದುಕೊಂಡದ್ದು 3,900.

ಮೊದಲಿಗೆ ಇದು ನನ್ನ ಕೆಟ್ಟ ನಸೀಬು ಅಂದುಕೊಂಡೆ. ಅಲ್ಲ. ಟೈ ಲೆಕ್ಕವನ್ನು ಯಾರು ಬೇಕಾದರೂ ಬೆರಳಲ್ಲಿ ಎಣಿಸಬಹುದು. ಈ ಆಟಕ್ಕೆ ಸಾಮಾನ್ಯವಾಗಿ ಎಂಟು ಪ್ಯಾಕ್ ಸೇರಿಸುತ್ತಾರೆ, ಅಂದರೆ 416 ಎಲೆ. ಡ್ರ್ಯಾಗನ್‌ಗೆ ಒಂದು ಗುಲಾಮ ಬಂತು ಅಂದುಕೊಳ್ಳಿ. ಉಳಿದದ್ದು 415 ಎಲೆ. ಗುಲಾಮ ಒಟ್ಟು 32 ಇದ್ದವು, ಒಂದು ಹೋಯಿತು, 31 ಉಳಿದವು. ಹಾಗಾಗಿ 415 ಸಲದಲ್ಲಿ ಸರಾಸರಿ 31 ಸಲ ಟೈ.

ಈ 415 ಅನ್ನೇ ಹಿಡಿದು ಪ್ರತಿ ಕೈಗೂ ನೂರರಂತೆ ಟೈ ಮೇಲೆ ಹಾಕುತ್ತಾ ಹೋದರೆ ಒಟ್ಟು 41,500 ರೂಪಾಯಿ ಹಾಕಿದಂತೆ. 31 ಸಲ 800 ಬಂದರೆ 24,800. ಉಳಿದ 384 ಸಲ ನೂರು ಹೋದರೆ 38,400. ಕೊನೆಗೆ ನಷ್ಟ 13,600. ನೂರಕ್ಕೆ ಸುಮಾರು 33 ರೂಪಾಯಿ. ಅಷ್ಟೇ ದುಡ್ಡನ್ನು ಡ್ರ್ಯಾಗನ್ ಮೇಲೆ ಹಾಕಿದ್ದರೆ? 192 ಗೆಲುವು, 192 ಸೋಲು, ಎರಡಕ್ಕೂ ಸರಿಹೋಯಿತು. 31 ಟೈಗೆ ಐವತ್ತರಂತೆ 1,550 ನಷ್ಟ. ನೂರಕ್ಕೆ 3 ರೂಪಾಯಿ 73 ಪೈಸೆ. ಒಂದೇ ಟೇಬಲ್ಲು, ಅವೇ ಎಲೆ, ಅದೇ ಸಮಯ. ಒಂದು ಕಡೆ 1,550, ಇನ್ನೊಂದು ಕಡೆ 13,600. ಒಂದು ಕೈಗೆ ಇಪ್ಪತ್ತೈದು ಸೆಕೆಂಡ್ ಹಿಡಿದರೆ 415 ಕೈ ಮುಗಿಯಲು ಮೂರು ಗಂಟೆಯೂ ಬೇಡ.

ಹಾಗಾದರೆ ಟೈಗೆ ಎಷ್ಟು ಕೊಟ್ಟರೆ ನ್ಯಾಯ? 384 ಸೋಲನ್ನು 31 ಗೆಲುವು ತುಂಬಬೇಕು. ನೂರಕ್ಕೆ ಸುಮಾರು 1,239 ಕೊಡಬೇಕು. ಕೊಡುವುದು 800. ಮಧ್ಯದ 439 ರೂಪಾಯಿ ನಮಗೆ ಕಾಣುವುದೇ ಇಲ್ಲ, ಯಾಕೆಂದರೆ ಪರದೆಯ ಮೇಲೆ ಗೆದ್ದಾಗ 800 ಅಂತ ಹಸಿರು ಅಕ್ಷರ ಮಿನುಗುತ್ತದೆ. ಚಿಕ್ಕ ಗೆಲುವಿನಲ್ಲಿ ಹತ್ತು ರೂಪಾಯಿ ಹಿಡಿದುಕೊಂಡರೆ ಜಗಳಕ್ಕೆ ಬರುತ್ತೇವೆ. ದೊಡ್ಡ ಗೆಲುವಿನಲ್ಲಿ ನಾನೂರು ಹಿಡಿದುಕೊಂಡರೂ ಸುಮ್ನೆ ಖುಷಿಪಡುತ್ತೇವೆ.

ವಿಮೆಯ ಲೆಕ್ಕವನ್ನೂ ಸರಿಯಾಗಿ ಮಾಡಿ ನೋಡಿದೆ. ಪ್ರತಿ ಕೈಗೂ ಡ್ರ್ಯಾಗನ್‌ಗೆ ನೂರು, ಜೊತೆಗೆ ಟೈಗೆ ಹತ್ತೇ ಹತ್ತು ರೂಪಾಯಿ ಅಂತಿಟ್ಟುಕೊಳ್ಳಿ. 415 ಕೈಯಲ್ಲಿ ಡ್ರ್ಯಾಗನ್‌ನಿಂದ 1,550 ನಷ್ಟ, ಟೈನಿಂದ 1,360 ನಷ್ಟ. ವಿಮೆಯ ಕಂತೇ ಹೆಚ್ಚುಕಮ್ಮಿ ನಷ್ಟದಷ್ಟಾಯಿತು.

ಈ ಲೆಕ್ಕವನ್ನು ನಮ್ಮ ಭಾವನಿಗೆ ತೋರಿಸಿದೆ. ಅವರು ಹಿಂದಿನ ಕೈಗಳ ಫಲಿತಾಂಶ ತೋರಿಸುವ ಬೋರ್ಡ್ ನೋಡಿ ಆಡುವವರು. "ಲೇ, ಇಪ್ಪತ್ತು ಕೈ ಆದ್ರೂ ಟೈ ಬಂದಿಲ್ಲ ಅಂದ್ರೆ ಇನ್ನೇನು ಬರಲೇಬೇಕು" ಅನ್ನುವುದು ಅವರ ವಾದ. ಒಂದು ಕೈಯಲ್ಲಿ ಟೈ ಬರದಿರುವ ಸಾಧ್ಯತೆ ನೂರಕ್ಕೆ ತೊಂಬತ್ತೆರಡೂವರೆ. ಅದನ್ನೇ ಇಪ್ಪತ್ತು ಸಲ ಗುಣಿಸಿದರೆ ನೂರಕ್ಕೆ 21 ಬರುತ್ತದೆ. ಅಂದರೆ ಎಲ್ಲಿಂದ ಎಣಿಸಲು ಶುರುಮಾಡಿದರೂ ಐದರಲ್ಲಿ ಒಂದು ಸಲ ಮುಂದಿನ ಇಪ್ಪತ್ತು ಕೈ ಟೈ ಇಲ್ಲದೇ ಹೋಗುತ್ತದೆ. "ಅದಿರ್ಲಿ ರೀ ಭಾವ, ಇಪ್ಪತ್ತೊಂದನೇ ಕೈಗೆ ಮಾತ್ರ ಎಲೆ ಬದಲಾಗುತ್ತಾ?" ಅಂದೆ. ಅವರು ಚಹಾ ಕುಡಿಯುತ್ತಾ ಕೂತರು.

ಅಂದರ್ ಬಾಹರ್ ಮಾತ್ರ ನನಗೆ ಹಳೇ ಪರಿಚಯ. ಜಾತ್ರೆಯ ಹಿಂದಿನ ತೋಟದಲ್ಲಿ ದೊಡ್ಡವರು ಆಡುವುದನ್ನು ಬಗ್ಗಿ ನೋಡಿದವನು ನಾನು. ಒಂದು ಎಲೆ ಜೋಕರ್ ಅಂತ ತೆರೆದಿಡುತ್ತಾರೆ. ಆಮೇಲೆ ಒಂದು ಅಂದರ್, ಒಂದು ಬಾಹರ್ ಅಂತ ಹಾಕುತ್ತಾ ಹೋಗುತ್ತಾರೆ. ಜೋಕರ್‌ನ ಜೋಡಿ ಯಾವ ಕಡೆ ಬೀಳುತ್ತದೋ ಆ ಕಡೆ ಗೆಲುವು. ಆನ್‌ಲೈನ್‌ನಲ್ಲಿ ನಾನು ಆಡಿದ ಟೇಬಲ್‌ನಲ್ಲಿ ಮೊದಲ ಎಲೆ ಯಾವಾಗಲೂ ಅಂದರ್‌ಗೆ. ಅಂದರ್ ಗೆದ್ದರೆ ನೂರಕ್ಕೆ 90, ಬಾಹರ್ ಗೆದ್ದರೆ ನೂರಕ್ಕೆ ನೂರು. "ತೊಂಬತ್ತು ಯಾಕೆ ತಗೋಬೇಕು?" ಅಂತ ನಾನು ಬಾಹರ್‌ಗೇ ಹಾಕುತ್ತಿದ್ದೆ.

ಇದನ್ನು ಪರೀಕ್ಷೆ ಮಾಡಲು ಮನೆಯಲ್ಲಿ ನಿಜವಾದ ಎಲೆ ಹರಡಿಕೊಂಡು ಕೂತೆ. ಮಗಳು ಹುಣಸೆ ಬೀಜ ಇಟ್ಟು ಎಣಿಸಿದಳು. ಎರಡು ಸಂಜೆಯಲ್ಲಿ 200 ಆಟ. ಅಂದರ್ 98, ಬಾಹರ್ 102. ನೋಡು, ಬಾಹರೇ ಒಳ್ಳೆಯದು ಅಂದುಕೊಂಡೆ. ಇಲ್ಲೇ ಎಡವಿದ್ದು. 200 ಆಟದಲ್ಲಿ ಏಳೆಂಟು ಆಚೆ ಈಚೆ ಆಗುವುದು ಮಾಮೂಲಿ. ನೂರಕ್ಕೆ ಒಂದೂವರೆಯಷ್ಟು ವ್ಯತ್ಯಾಸ ಹುಣಸೆ ಬೀಜದಲ್ಲಿ ಕಾಣುವುದಿಲ್ಲ, ಕಾಗದದಲ್ಲಿ ಕಾಣುತ್ತದೆ.

ಜೋಕರ್ ತೆಗೆದ ಮೇಲೆ 51 ಎಲೆ, ಅದರಲ್ಲಿ ಜೋಡಿಯ ಎಲೆ ಮೂರು. ಈ ಮೂರು ಎಲೆ ಎಲ್ಲೆಲ್ಲಿ ಕೂರಬಹುದು ಅಂತ ಎಣಿಸಿದರೆ 20,825 ರೀತಿ. ಅದರಲ್ಲಿ 10,725 ರೀತಿಯಲ್ಲಿ ಮೊದಲ ಜೋಡಿ ಅಂದರ್‌ಗೆ, 10,100 ರೀತಿಯಲ್ಲಿ ಬಾಹರ್‌ಗೆ. ಮೊದಲ ಎಲೆ ಸಿಗುವ ಕಡೆಗೆ ಪ್ರತಿ ಸುತ್ತಿನಲ್ಲೂ ಮೊದಲ ಅವಕಾಶ ಅಲ್ವಾ, ಅದರ ಬೆಲೆ ಇದು. ನೂರಕ್ಕೆ ಐವತ್ತೊಂದೂವರೆ ಸಲ ಅಂದರ್. ಈಗ ದುಡ್ಡು ಹಾಕಿ ನೋಡಿ. ಅಂದರ್‌ನಲ್ಲಿ 90 ಮಾತ್ರ ಸಿಕ್ಕರೂ ನೂರಕ್ಕೆ ಹೋಗುವುದು 2 ರೂಪಾಯಿ 15 ಪೈಸೆ. ನೂರಕ್ಕೆ ನೂರು ಕೊಡುವ ಬಾಹರ್‌ನಲ್ಲಿ 3 ರೂಪಾಯಿ. ಕಡಿಮೆ ಕೊಡುವಂತೆ ಕಾಣುವ ಕಡೆಯೇ ಅಗ್ಗ! ಇದು ನನಗೆ ತಿಳಿದಾಗ ನಿಜಕ್ಕೂ ನಗು ಬಂತು. ಕೆಲವು ಕಡೆ ಜೋಕರ್ ಕಪ್ಪಾದರೆ ಅಂದರ್‌ನಿಂದ, ಕೆಂಪಾದರೆ ಬಾಹರ್‌ನಿಂದ ಶುರುಮಾಡುತ್ತಾರೆ. ಅಲ್ಲಿ ಮೊದಲ ಎಲೆ ಸಿಗುವ ಕಡೆ ಯಾವುದು ಅನ್ನುವುದೇ ಮುಖ್ಯ. ಎರಡು ಕಡೆಗೂ 90 ಕೊಡುವ ಟೇಬಲ್ ಇದ್ದರೆ ಎರಡನೇ ಕಡೆ ಹಾಕಿದವನ ಕಥೆ ಬೇರೆ. ನೂರಕ್ಕೆ ಸುಮಾರು 8 ರೂಪಾಯಿ ಹೋಗುತ್ತದೆ.

ಇನ್ನು ಸೈಡ್ ಬೆಟ್. ಅಂದರ್ ಬಾಹರ್‌ನಲ್ಲಿ "ಎಷ್ಟನೇ ಎಲೆಗೆ ಜೋಡಿ ಬೀಳುತ್ತದೆ" ಅಂತ ಹಾಕಬಹುದು. ನನ್ನ ಟೇಬಲ್‌ನಲ್ಲಿ 26ರಿಂದ 30ನೇ ಎಲೆಯೊಳಗೆ ಬಿದ್ದರೆ ಹಾಕಿದ್ದೂ ಸೇರಿ 15 ಪಟ್ಟು. 20,825ರಲ್ಲಿ ಹಾಗೆ ಆಗುವುದು 1,270 ಸಲ. ಸಲಕ್ಕೊಂದು ರೂಪಾಯಿಯಂತೆ 20,825 ಹಾಕಿದರೆ ವಾಪಸ್ ಬರುವುದು 1,270ರ 15 ಪಟ್ಟು, ಅಂದರೆ 19,050. ಮುಖ್ಯ ಬಾಜಿಯಲ್ಲಿ ನೂರಕ್ಕೆ ಎರಡು ಮೂರು ರೂಪಾಯಿ ಹೋಗುತ್ತಿದ್ದದ್ದು ಇಲ್ಲಿ ಎಂಟೂವರೆಗೆ ಬಂತು.

ಡ್ರ್ಯಾಗನ್ ಟೈಗರ್‌ನ ಸೈಡ್ ಬೆಟ್ ಇನ್ನೂ ಸರಳ. ಎಲೆ ದೊಡ್ಡದಾ ಚಿಕ್ಕದಾ, ಬೆಸವಾ ಸಮವಾ ಅಂತ ಹಾಕಬಹುದು, ಗೆದ್ದರೆ ನೂರಕ್ಕೆ ನೂರು. ನೋಡಲು ಡ್ರ್ಯಾಗನ್ ಟೈಗರ್‌ನಂತೆಯೇ ಅರ್ಧಕ್ಕರ್ಧ. ಆದರೆ ನಿಯಮದ ಕೊನೆಯ ಸಾಲಿನಲ್ಲಿ "7 ಬಂದರೆ ಎಲ್ಲ ಸೋಲು" ಅಂತ ಇರುತ್ತದೆ. ಹದಿಮೂರರಲ್ಲಿ ಒಂದು ಎಲೆ ಪೂರ್ತಿ ಅವರದು. ನೂರಕ್ಕೆ 7 ರೂಪಾಯಿ 69 ಪೈಸೆ, ಮುಖ್ಯ ಬಾಜಿಯ ಎರಡು ಪಟ್ಟು.

ನೋಟ್‌ಬುಕ್ ನೋಡಿ ಮೋಸ ಆಗಿದೆಯಾ ಅಂತ ಹೇಳಬಹುದಾ ಅಂತ ಭಾವ ಕೇಳಿದರು. ಕಷ್ಟ. 415 ಕೈಗೆ 31 ಟೈ ಸರಾಸರಿ, ಆದರೆ 20 ಬಂದರೂ 42 ಬಂದರೂ ಎಲೆ ಸರಿಯಾಗಿಯೇ ಇರಬಹುದು. ನನ್ನ 47 ಟೈ ಕೂಡ 624 ಕೈಗೆ ಬರಬೇಕಾದಷ್ಟೇ. ಮೋಸವೇ ಇಲ್ಲದೆ ಅಷ್ಟು ಹೋಗಿತ್ತು.

ಆಮೇಲೆ ಅವರೇ ಮೆಲ್ಲಗೆ, "ಟೈಗೆ ಎಂಟಲ್ಲ, ಹನ್ನೊಂದು ಪಟ್ಟು ಕೊಡೋ ಟೇಬಲ್ಲೂ ಇತ್ತಲ್ಲೋ" ಅಂದರು. ಇತ್ತು. ಹಾಳೆ ತಿರುಗಿಸಿ ಬರೆದೆ: 31 ಸಲ 1,100 ಅಂದರೆ 34,100. ಹೋಗುವುದು 38,400. ನಷ್ಟ 4,300. ಡ್ರ್ಯಾಗನ್‌ನ 1,550ರ ಪಕ್ಕದಲ್ಲಿ ಬರೆದು ನೋಟ್‌ಬುಕ್ ಅವರ ಕಡೆ ತಳ್ಳಿದೆ.