ಕೇಸಿಗೆ ಇಟ್ಟಾಗ ಬಡ್ಸ್ ಲೈಟು ಏನು ಹೇಳುತ್ತದೆ

ನಾನು ಹುಬ್ಬಳ್ಳಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ನಡೆಸುತ್ತೇನೆ. ಈಗೀಗ ಇಯರ್‌ಬಡ್ಸ್ ಕೂಡ ರಿಪೇರಿಗೆ ಜಾಸ್ತಿ ಬರುತ್ತವೆ. ತಂದವರಲ್ಲಿ ಬಹಳ ಮಂದಿ ಹೇಳುವುದು ಒಂದೇ ಮಾತು: "ಅಣ್ಣಾ, ಒಂದ ಕಿವಿಗೆ ಕೇಳಸ್ತೈತಿ, ಇನ್ನೊಂದಕ್ಕ ಇಲ್ಲ. ಸ್ಪೀಕರ್ ಹೋಗೇತೇನ್ ನೋಡ್ರಿ." ಸ್ಪೀಕರ್ ಹೋಗಿರುವುದು ಅಪರೂಪ. ಅದಕ್ಕೇ ನಾನು ಮೊದಲು ಹಾಡು ಹಚ್ಚಿ ನೋಡುವುದಿಲ್ಲ. ಎರಡೂ ಬಡ್ ಕೇಸಿನಲ್ಲಿಟ್ಟು, ಮುಚ್ಚಳ ತೆರೆದೇ ಬಿಟ್ಟು, ಲೈಟು ನೋಡುತ್ತೇನೆ.

ಕೇಸಿನಲ್ಲಿ ಬಡ್ ಕೂರುವ ಗುಂಡಿಯ ತಳದಲ್ಲಿ ಚಿಕ್ಕ ಚಿಕ್ಕ ಪಿನ್ ಇರುತ್ತವೆ. ಅವುಗಳ ಕೆಳಗೆ ಸ್ಪ್ರಿಂಗ್ ಇದೆ, ಒತ್ತಿದರೆ ಒಳಗೆ ಹೋಗಿ ಮತ್ತೆ ಮೇಲೆ ಬರುತ್ತವೆ. ಬಡ್‌ನ ಮೈಮೇಲೆ ಅದಕ್ಕೆ ಸರಿಯಾಗಿ ಲೋಹದ ಚುಕ್ಕೆಗಳಿರುತ್ತವೆ. ಇವೆರಡೂ ತಾಗಿದಾಗ ಚಾರ್ಜ್ ಆಗುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ಬಹಳಷ್ಟು ಮಾಡೆಲ್‌ಗಳಲ್ಲಿ ಅದೇ ಪಿನ್ನಿಗೆ ಇನ್ನೊಂದು ಕೆಲಸವೂ ಇದೆ. ಪಿನ್ನಿನಿಂದ ಕರೆಂಟ್ ಬಂದರೆ "ನಾನು ಕೇಸಿನೊಳಗಿದ್ದೇನೆ" ಅಂತ ಬಡ್‌ಗೆ ತಿಳಿಯುತ್ತದೆ. ಆಗ ಅದು ಬ್ಲೂಟೂತ್ ಬಂದ್ ಮಾಡಿ ಚಾರ್ಜಿಗೆ ಕೂರುತ್ತದೆ. ಹೊರಗೆ ತೆಗೆದಾಗ ಕರೆಂಟ್ ನಿಲ್ಲುತ್ತದೆ. ಆಗ ತಾನಾಗಿ ಆನ್ ಆಗಿ "ಟಿಂಗ್" ಅನ್ನುತ್ತದೆ, ಇಲ್ಲವೇ ಪವರ್ ಆನ್ ಅಂತ ಹೇಳುತ್ತದೆ. ಕೆಲವು ಮಾಡೆಲ್‌ಗಳು ಮುಚ್ಚಳದ ಮ್ಯಾಗ್ನೆಟ್ ನೋಡಿಯೂ ಇದನ್ನು ತಿಳಿಯುತ್ತವೆ.

ಹಾಗಾಗಿ ಪಿನ್ ತಾಗದಿದ್ದರೆ ಆಗುವುದು ಎರಡು ನಷ್ಟ. ಚಾರ್ಜ್ ಆಗುವುದಿಲ್ಲ, ಜೊತೆಗೆ ಬಡ್ ಕೇಸಿನೊಳಗೇ ಎಚ್ಚರವಾಗಿ ಕೂತು ಉಳಿದ ಬ್ಯಾಟರಿಯನ್ನೂ ಖಾಲಿ ಮಾಡಿಕೊಳ್ಳುತ್ತದೆ.

ಧಾರವಾಡದಿಂದ ಒಬ್ಬ ಹುಡುಗ ಬಂದಿದ್ದ. ದಿನಾ ಚಿಗರಿ ಬಸ್ಸಿನಲ್ಲಿ ಓಡಾಡುವವನು, ಹೋಗುತ್ತಾ ಬರುತ್ತಾ ಕಿವಿಯಲ್ಲಿ ಬಡ್ಸ್ ಇರಲೇಬೇಕು. ಎಡಗಡೆಯದು ಬೆಳಿಗ್ಗೆ ತೆಗೆದರೆ ಸತ್ತಿರುತ್ತದೆ ಅಂದ. ನಾನು ಕೇಳಿದೆ: "ಬಡ್ಸ್ ಕೇಸಿನ್ಯಾಗ ಇಟ್ಟಾಗ ಫೋನ್ ಬಂದ್ರ, ಆ ಕಡೆಯವರ ಮಾತು ಕೇಳಸ್ತೈತೇನ್ ತಮ್ಮಾ?" ಅವನು ಥಟ್ಟನೆ, "ಇಲ್ಲಣ್ಣಾ, ಸ್ಪೀಕರ್ ಒತ್ತಬೇಕಾಗ್ತೈತಿ" ಅಂದ. ಅಲ್ಲಿಗೆ ಅರ್ಧ ಕೆಲಸ ಮುಗಿದಂತೆ. ಮಾತೆಲ್ಲ ಕೇಸಿನೊಳಗಿನ ಎಡ ಬಡ್‌ಗೆ ಹೋಗುತ್ತಿತ್ತು.

ಕೇಸಿಗೆ ಇಟ್ಟು ನೋಡಿದೆ. ಬಲಗಡೆಯದಕ್ಕೆ ಕೆಂಪು ಲೈಟು ಬಂದು ಹಾಗೇ ನಿಂತಿತು. ಎಡಗಡೆಯದಕ್ಕೆ ಏನೂ ಇಲ್ಲ. ಬೆರಳಿನಿಂದ ಮೆಲ್ಲಗೆ ಒತ್ತಿದೆ, ಕೆಂಪು ಮಿಣುಕಿತು. ಬೆರಳು ತೆಗೆದೆ, ಆರಿತು. ಒತ್ತಿದಾಗ ಲೈಟು ಬರುತ್ತದೆ ಅಂದರೆ ಬಡ್‌ನ ಬೋರ್ಡು ಜೀವಂತ ಇದೆ, ಕೇಸೂ ಕರೆಂಟ್ ಕೊಡುತ್ತಿದೆ. ನಡುವೆ ತಾಗುವ ಜಾಗದಲ್ಲಷ್ಟೇ ತೊಂದರೆ.

ಭೂತಗನ್ನಡಿ ಹಿಡಿದು ನೋಡಿದರೆ ಲೋಹದ ಒಂದು ಚುಕ್ಕೆಯ ಮೇಲೆ ಹಸಿರು ಕಿಲುಬು. ಬೆವರಿನ ಉಪ್ಪು, ಅದರ ಮೇಲೆ ಕರೆಂಟ್ ಹರಿದರೆ ಕಿಲುಬು ಬೇಗ ಹಿಡಿಯುತ್ತದೆ. ಒಂದು ಪಿನ್ನಿನ ಸುತ್ತ ಕಿವಿಯ ಗುಗ್ಗೆ ಧೂಳಿನ ಜೊತೆ ಸೇರಿ ಗಟ್ಟಿಯಾಗಿತ್ತು. ಪಿನ್ ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪವೇ ಹಚ್ಚಿ ಎರಡೂ ಕಡೆ ಒರೆಸಿದೆ. ಆಮೇಲೆ ಮರದ ಹಲ್ಲುಕಡ್ಡಿಯಿಂದ ಪಿನ್ನನ್ನು ನೆಟ್ಟಗೆ ಕೆಳಗೆ ಒತ್ತಿ ಒತ್ತಿ ಬಿಟ್ಟೆ, ಅದು ತಾನಾಗಿ ಮೇಲೆ ಬರುವವರೆಗೂ. ಸೂಜಿ, ಚಿಮಟ ಮುಟ್ಟಿಸಬಾರದು. ಎರಡು ಪಿನ್ನಿಗೆ ಒಟ್ಟಿಗೆ ತಾಗಿದರೆ ಶಾರ್ಟ್ ಆಗುತ್ತದೆ, ಪಿನ್ ಸೊಟ್ಟಾದರಂತೂ ಕೇಸೇ ಬದಲಿಸಬೇಕಾಗುತ್ತದೆ. ಪೂರ್ತಿ ಒಣಗಿದ ಮೇಲೆ ಇಟ್ಟೆ. ಒತ್ತದೆಯೇ ಕೆಂಪು ಲೈಟು ಬಂತು, ಫೋನಿನಲ್ಲಿ ಬಡ್ಸ್ ಡಿಸ್‌ಕನೆಕ್ಟ್ ಆಯಿತು. ಲೈಟು ಬಂದರೆ ಸಾಲದು, ಫೋನಿನಲ್ಲೂ ಡಿಸ್‌ಕನೆಕ್ಟ್ ಆಗಬೇಕು. ನಾನು ಎರಡನ್ನೂ ನೋಡಿಯೇ ಗಿರಾಕಿಗೆ ಕೊಡುವುದು.

ಹೊಸ ಬಡ್ಸಿಗೂ ಲೈಟು ಬರುತ್ತಿಲ್ಲ ಅಂತ ತರುತ್ತಾರೆ. ಚುಕ್ಕೆಗಳ ಮೇಲೆ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ ಹಾಗೇ ಇರುತ್ತದೆ. ಇಲ್ಲವೇ ಬೇರೆ ದಪ್ಪ ರಬ್ಬರ್ ಟಿಪ್ ಹಾಕಿರುತ್ತಾರೆ, ಬಡ್ ಗುಂಡಿಯೊಳಗೆ ಪೂರ್ತಿ ಕೂರುವುದೇ ಇಲ್ಲ. ಟಿಪ್ ತೆಗೆದು ಇಟ್ಟು ನೋಡಿ, ತಿಳಿಯುತ್ತದೆ.

ಇನ್ನು, ಲೈಟು ಸರಿಯಾಗಿ ಬಂದೂ ಕೆಟ್ಟಿರುವ ಬಡ್ ಇರುತ್ತದೆ. ಇದನ್ನು ಗುರುತಿಸುವುದು ಸ್ವಲ್ಪ ಕಷ್ಟ. ಎರಡನ್ನೂ ಪೂರ್ತಿ ಖಾಲಿ ಮಾಡಿ ಒಟ್ಟಿಗೆ ಕೇಸಿನಲ್ಲಿಡಿ. ಕೆಂಪು ಲೈಟು ಆರುವುದನ್ನು, ಅಥವಾ ನಿಮ್ಮ ಮಾಡೆಲ್ ಪ್ರಕಾರ ಬಣ್ಣ ಬದಲಾಗುವುದನ್ನು ನೋಡುತ್ತಿರಿ. ಒಂದು ಬಡ್ ಒಂದು ಗಂಟೆ ತಗೊಂಡು ಇನ್ನೊಂದು ಹತ್ತೇ ನಿಮಿಷಕ್ಕೆ ಫುಲ್ ಅಂದರೆ ಖುಷಿ ಪಡಬೇಡಿ. ಅದರ ಸೆಲ್ ಸವೆದಿದೆ, ಹಿಡಿಸುವುದೇ ಅಷ್ಟು. ಹಾಡು ಹಚ್ಚಿದ ಸ್ವಲ್ಪ ಹೊತ್ತಿಗೇ ಅದರಿಂದ ಬ್ಯಾಟರಿ ಲೋ ಬೀಪ್ ಬರುತ್ತದೆ. ಎಡ ಬಲಗಳ ನಡುವೆ ಸಣ್ಣ ವ್ಯತ್ಯಾಸ ಮಾಮೂಲು. ಫೋನಿನಲ್ಲಿ ಮಾತಾಡುವಾಗ ಒಂದೇ ಬಡ್‌ನ ಮೈಕ್ ನಡೆಯುವ ಮಾಡೆಲ್‌ಗಳಲ್ಲಿ ಅದು ಬೇಗ ಇಳಿಯುತ್ತದೆ. ಆದರೆ ಒಂದು ಬಡ್ ಮೂರು ಗಂಟೆ ನಡೆದು ಇನ್ನೊಂದು ಅರ್ಧ ಗಂಟೆಗೇ ಬೀಪ್ ಹೊಡೆದರೆ ಸೆಲ್ ಹೋಗಿದೆ ಅಂತಲೇ ಲೆಕ್ಕ. ಎಷ್ಟು ಒರೆಸಿದರೂ, ರೀಸೆಟ್ ಮಾಡಿದರೂ ಅದು ಸರಿಹೋಗುವುದಿಲ್ಲ.

ಕೇಸಿನ ಲೈಟೇ ಹೊತ್ತುತ್ತಿಲ್ಲ ಅನ್ನುವವರಿಗೆ ನಾನು ಮೊದಲು ಕೇಬಲ್ ಕೇಳುತ್ತೇನೆ. ಎರಡೂ ತುದಿ ಟೈಪ್-ಸಿ ಇರುವ ಕೇಬಲ್ ಹಾಕಿದರೆ, ಆ ಕಡೆ ಒಂದು ಸಾಧನ ಇದೆ ಅಂತ ಖಾತ್ರಿಯಾಗುವವರೆಗೂ ಚಾರ್ಜರ್ ಕರೆಂಟ್ ಬಿಡುವುದಿಲ್ಲ. ಆ ಗುರುತಿಗೆ ಕೇಸಿನ ಬೋರ್ಡಿನಲ್ಲಿ 5.1 ಕಿಲೋಓಮ್ ರೆಸಿಸ್ಟರ್ ಇರಬೇಕು. ಕಡಿಮೆ ಬೆಲೆಯ ಕೆಲವು ಕೇಸುಗಳಲ್ಲಿ ಅದನ್ನು ಹಾಕಿರುವುದೇ ಇಲ್ಲ. ಒಂದು ತುದಿ ಹಳೆಯ ಅಗಲ ಯುಎಸ್‌ಬಿ ಇರುವ ಕೇಬಲ್ ಹಾಕಿ, ಅದೇ ಕೇಸು ಹೊತ್ತುತ್ತದೆ. ತಿಂಗಳುಗಟ್ಟಲೆ ಸುಮ್ನೆ ಬಿದ್ದ ಕೇಸಾದರೆ ಇಪ್ಪತ್ತು ನಿಮಿಷ ಚಾರ್ಜಿಗೆ ಹಾಕಿಟ್ಟು ಕಾಯಿರಿ. ಕೇಸು ತೀರಾ ಬಿಸಿಯಾದರೆ, ಅಥವಾ ಉಬ್ಬಿ ಮುಚ್ಚಳ ಕೂರದಿದ್ದರೆ ಕಾಯುವ ಮಾತೇ ಇಲ್ಲ. ಕೂಡಲೇ ಕೇಬಲ್ ತೆಗೆಯಿರಿ, ಮತ್ತೆ ಹಚ್ಚಬೇಡಿ.

ಕೊನೆಗೆ ಕೆಂಪು ನೀಲಿ. ಎರಡು ಬಣ್ಣ ಒಂದರ ಹಿಂದೊಂದು ಮಿಣುಕಿದರೆ ಬಡ್ ಫೋನನ್ನು ಹುಡುಕುತ್ತಿದೆ, ಅಂದರೆ ಪೇರಿಂಗ್. ಇದು ಕೆಟ್ಟ ಲಕ್ಷಣ ಅಲ್ಲ. ಬಹಳ ಮಾಡೆಲ್‌ಗಳಲ್ಲಿ ಒಂದು ಹೀಗೆ ಮಿಣುಕಿದರೆ ಇನ್ನೊಂದು ಸುಮ್ಮನಿರುತ್ತದೆ. ಎರಡೂ ಬೇರೆ ಬೇರೆಯಾಗಿ ಮಿಣುಕುತ್ತಾ, ಫೋನಿನಲ್ಲಿ ಒಂದೇ ಹೆಸರು ಎರಡು ಸಲ ಕಂಡರೆ, ಅವು ಒಂದಕ್ಕೊಂದು ಗುರುತು ಮರೆತಿವೆ. ಫೋನಿನಲ್ಲಿ ಆ ಹೆಸರುಗಳನ್ನು ಅಳಿಸಿ, ಬಡ್ಸ್ ಕೇಸಿನಲ್ಲಿಟ್ಟು, ಡಬ್ಬಿಯ ಜೊತೆ ಬಂದ ಕಾಗದದಲ್ಲಿ ಹೇಳಿದಂತೆ ರೀಸೆಟ್ ಮಾಡಿ. ಒಂದು ಬಡ್ ಕಳೆದು ಬೇರೆ ತಂದವರಿಗೂ ಇದೇ ದಾರಿ. ಆದರೆ ಅದೇ ಮಾಡೆಲ್ಲಿನದೇ ಆಗಿರಬೇಕು. ನೋಡಲು ಒಂದೇ ತರ ಇದ್ದರೂ ಒಳಗಿನ ಚಿಪ್ ಬೇರೆಯಾದರೆ ಎರಡೂ ಜೋಡಿಯಾಗುವುದಿಲ್ಲ. ಅದಕ್ಕೆ ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ನಿಮ್ಮ ಕೇಸಿಗೆ ಹಾಕಿಸಿ, ಎರಡರಲ್ಲೂ ಹಾಡು ಕೇಳಿ ನೋಡಿ.